ನಿವೃತ್ತಿಯ ಇಡಿಗಂಟು: ಎಸ್‌ಟಿಪಿಯಿಂದ ಹೂಡುವ, ಎಸ್‌ಡಬ್ಲ್ಯೂಪಿಯಿಂದ ತೆಗೆಯುವ ಕ್ರಮ

ನಿವೃತ್ತಿಯಾದ ಕೆಲವೇ ವಾರಗಳಲ್ಲಿ ಗ್ರ್ಯಾಚುಯಿಟಿ, ಭವಿಷ್ಯ ನಿಧಿ, ರಜೆ ನಗದೀಕರಣದ ಮೊತ್ತಗಳೆಲ್ಲ ಸೇರಿ ಜೀವಮಾನದ ಉಳಿತಾಯ ಒಮ್ಮೆಗೇ ಬ್ಯಾಂಕ್ ಖಾತೆಗೆ ಬಂದು ನಿಲ್ಲುತ್ತದೆ. ಆಗ ಎರಡು ಪ್ರಶ್ನೆಗಳು ಏಳುತ್ತವೆ. ಇಷ್ಟು ದೊಡ್ಡ ಮೊತ್ತವನ್ನು ಷೇರು ಮಾರುಕಟ್ಟೆಗೆ ಒಂದೇ ದಿನ ಹಾಕುವುದು ಸರಿಯೇ ಎಂಬುದು ಮೊದಲನೆಯದು. ನಿಂತುಹೋದ ಸಂಬಳದ ಜಾಗದಲ್ಲಿ ತಿಂಗಳು ತಿಂಗಳು ಮನೆಗೆ ಹಣ ಬರುವಂತೆ ಮಾಡುವುದು ಹೇಗೆ ಎಂಬುದು ಎರಡನೆಯದು. ಮ್ಯೂಚುವಲ್ ಫಂಡ್‌ಗಳಲ್ಲಿ ಮೊದಲ ಪ್ರಶ್ನೆಗಾಗಿ ಇರುವುದು ಕ್ರಮಬದ್ಧ ವರ್ಗಾವಣೆ ಯೋಜನೆ, ಅಂದರೆ ಎಸ್‌ಟಿಪಿ. ಎರಡನೆಯದಕ್ಕಾಗಿ ಇರುವುದು ಕ್ರಮಬದ್ಧ ಹಿಂಪಡೆತ ಯೋಜನೆ, ಅಂದರೆ ಎಸ್‌ಡಬ್ಲ್ಯೂಪಿ. ಹೆಸರುಗಳು ಹತ್ತಿರವಾಗಿರುವುದರಿಂದ ಇವೆರಡನ್ನೂ ಒಂದರ ಬದಲಿಗೆ ಇನ್ನೊಂದೆಂದು ಭಾವಿಸುವವರಿದ್ದಾರೆ. ಈ ಬರಹದಲ್ಲಿ ಒಂದು ಇಡಿಗಂಟನ್ನು ಉದಾಹರಣೆಯಾಗಿ ಇಟ್ಟುಕೊಂಡು, ಇವೆರಡನ್ನೂ ಅವುಗಳ ಜಾಗದಲ್ಲಿ ಬಳಸುವ ಕ್ರಮವನ್ನು ವಿವರಿಸುತ್ತೇನೆ.

ಎರಡರ ಒಳಗೂ ನಡೆಯುವುದು ಯೂನಿಟ್‌ಗಳ ಮಾರಾಟ

ಎಸ್‌ಡಬ್ಲ್ಯೂಪಿಯಲ್ಲಿ ಫಂಡ್ ಸಂಸ್ಥೆ ನಮಗೆ ಬಡ್ಡಿಯನ್ನಾಗಲೀ ಪಿಂಚಣಿಯನ್ನಾಗಲೀ ಕೊಡುವುದಿಲ್ಲ. ನಾವು ಹೇಳಿದ ದಿನದಂದು, ಒಂದು ಯೂನಿಟ್‌ನ ಆ ದಿನದ ಬೆಲೆಯಾದ ಎನ್‌ಎವಿಗೆ, ನಾವು ಕೇಳಿದ ಮೊತ್ತಕ್ಕೆ ಸಾಲುವಷ್ಟು ನಮ್ಮದೇ ಯೂನಿಟ್‌ಗಳನ್ನು, ಅಂದರೆ ಫಂಡ್‌ನಲ್ಲಿರುವ ನಮ್ಮ ಪಾಲುಗಳನ್ನು, ಮಾರಿ ಹಣವನ್ನು ಬ್ಯಾಂಕ್ ಖಾತೆಗೆ ಕಳಿಸುತ್ತದೆ. ಹಾಗಾಗಿ ಪ್ರತಿ ಕಂತಿನಲ್ಲಿಯೂ ಅಸಲಿನ ಒಂದು ಭಾಗ ಮತ್ತು ಲಾಭದ ಒಂದು ಭಾಗ ಸೇರಿಕೊಂಡಿರುತ್ತವೆ, ಮತ್ತು ಯೂನಿಟ್‌ಗಳು ಮುಗಿದ ದಿನ ಕಂತೂ ನಿಲ್ಲುತ್ತದೆ.

ಎಸ್‌ಟಿಪಿಯಲ್ಲಿಯೂ ಆಗುವುದು ಮಾರಾಟವೇ. ಆದರೆ ಬಂದ ಹಣ ಬ್ಯಾಂಕಿಗೆ ಹೋಗದೆ ಅದೇ ಸಂಸ್ಥೆಯ ಇನ್ನೊಂದು ಫಂಡ್‌ನಲ್ಲಿ ಖರೀದಿಯಾಗುತ್ತದೆ. ಇಲ್ಲಿ ‘ಅದೇ ಸಂಸ್ಥೆಯ’ ಎಂಬ ಮಾತನ್ನು ಗಮನಿಸಬೇಕು: ಒಂದು ಸಂಸ್ಥೆಯ ಲಿಕ್ವಿಡ್ ಫಂಡ್‌ನಿಂದ, ಅಂದರೆ ಅತಿ ಕಡಿಮೆ ಅವಧಿಯ ಸಾಲಪತ್ರಗಳಲ್ಲಿ ಹೂಡುವ ಫಂಡ್‌ನಿಂದ, ಮತ್ತೊಂದು ಸಂಸ್ಥೆಯ ಈಕ್ವಿಟಿ ಫಂಡ್‌ಗೆ, ಅಂದರೆ ಷೇರುಗಳಲ್ಲಿ ಹೂಡುವ ಫಂಡ್‌ಗೆ, ಎಸ್‌ಟಿಪಿ ಮಾಡಲು ಬರುವುದಿಲ್ಲ. ಆದ್ದರಿಂದ ಹಣ ಕೊನೆಗೆ ಸೇರಬೇಕಾದ ಈಕ್ವಿಟಿ ಫಂಡ್ ಯಾವುದೆಂದು ಮೊದಲು ತೀರ್ಮಾನಿಸಿ, ಆ ಬಳಿಕವೇ ಆ ಸಂಸ್ಥೆಯ ಲಿಕ್ವಿಡ್ ಫಂಡ್‌ನಲ್ಲಿ ಹಣವನ್ನು ಇಡಬೇಕು. ಹಲವರು ಈ ಕ್ರಮವನ್ನು ತಲೆಕೆಳಗು ಮಾಡಿ, ನಂತರ ತಮಗೆ ಬೇಕಾದ ಫಂಡ್‌ಗೆ ಹೋಗಲಾಗದೆ ಸಿಕ್ಕಿಕೊಳ್ಳುತ್ತಾರೆ.

ಉದಾಹರಣೆ: 40 ಲಕ್ಷ ರೂಪಾಯಿ

60ನೇ ವಯಸ್ಸಿನಲ್ಲಿ ನಿವೃತ್ತರಾದ ಒಬ್ಬ ಶಿಕ್ಷಕಿಯನ್ನು ಕಲ್ಪಿಸಿಕೊಳ್ಳೋಣ. ಅವರ ಕೈಯಲ್ಲಿರುವುದು 40 ಲಕ್ಷ ರೂಪಾಯಿ. ಪಿಂಚಣಿ ಬರುತ್ತಿದ್ದರೂ ಮನೆ ನಡೆಸಲು ತಿಂಗಳಿಗೆ ಇನ್ನೂ 16,000 ರೂಪಾಯಿ ಬೇಕು. ಆಸ್ಪತ್ರೆಯಂತಹ ತುರ್ತು ಖರ್ಚಿನ ಹಣವನ್ನು ಅವರು ಬೇರೆಯಾಗಿಯೇ ಇಟ್ಟಿದ್ದಾರೆ. ವರ್ಷಕ್ಕೆ ಬೇಕಾಗುವುದು 1,92,000 ರೂಪಾಯಿ, ಅಂದರೆ ಒಟ್ಟು ಮೊತ್ತದ 4.8%.

ಈ ಶೇಕಡಾವಾರನ್ನು ಎಲ್ಲಕ್ಕಿಂತ ಮೊದಲು ಲೆಕ್ಕ ಹಾಕಬೇಕು. ಇದು 4ರಿಂದ 5ರ ಆಸುಪಾಸಿನಲ್ಲಿದ್ದರೆ ಹಣ ದೀರ್ಘಕಾಲ ಬಾಳುವ ಅವಕಾಶ ಚೆನ್ನಾಗಿರುತ್ತದೆ. 8 ಅಥವಾ 10 ಎಂದು ಬಂದರೆ ಫಂಡ್ ಬದಲಿಸಿ ಪ್ರಯೋಜನವಿಲ್ಲ, ತೆಗೆಯುವ ಮೊತ್ತವನ್ನೇ ತಗ್ಗಿಸಬೇಕಾಗುತ್ತದೆ. ‘ತಿಂಗಳಿಗೆ 1% ತೆಗೆಯಿರಿ, ಅಸಲು ಹಾಗೇ ಇರುತ್ತದೆ’ ಎಂದು ಹೇಳುವ ಮಾರಾಟಗಾರರು ಸಿಗುತ್ತಾರೆ. ಅದು ವರ್ಷಕ್ಕೆ 12% ಆಗುತ್ತದೆ. ಅಷ್ಟು ಗಳಿಕೆ ಪ್ರತಿ ವರ್ಷವೂ ತಪ್ಪದೆ ಬರುತ್ತದೆಂದು ಯಾವ ಫಂಡೂ ಭರವಸೆ ಕೊಡಲಾರದು.

ನಮ್ಮ ಶಿಕ್ಷಕಿ ಹಣವನ್ನು ಎರಡು ಭಾಗ ಮಾಡುತ್ತಾರೆ. 16 ಲಕ್ಷ ರೂಪಾಯಿ ಒಂದು ಅಲ್ಪಾವಧಿ ಸಾಲ ಫಂಡ್‌ಗೆ, ಅಂದರೆ ಸಾಲಪತ್ರಗಳಲ್ಲಿ ಹೂಡುವ ಫಂಡ್‌ಗೆ, ಹೋಗುತ್ತದೆ. ತಿಂಗಳ ಎಸ್‌ಡಬ್ಲ್ಯೂಪಿ ಇದರಿಂದ ಬರುತ್ತದೆ. ಉಳಿದ 24 ಲಕ್ಷ ಒಂದು ಲಿಕ್ವಿಡ್ ಫಂಡ್‌ಗೆ ಹೋಗಿ, ಅಲ್ಲಿಂದ ತಿಂಗಳಿಗೆ 2 ಲಕ್ಷದಂತೆ 12 ತಿಂಗಳಲ್ಲಿ ಎಸ್‌ಟಿಪಿ ಮೂಲಕ ಈಕ್ವಿಟಿ ಫಂಡ್ ಸೇರುತ್ತದೆ. 16 ಲಕ್ಷವನ್ನು 16,000ದಿಂದ ಭಾಗಿಸಿದರೆ 100 ತಿಂಗಳು. ಸಾಲ ಫಂಡ್ ಒಂದು ಪೈಸೆಯನ್ನೂ ಗಳಿಸದಿದ್ದರೂ ಎಂಟು ವರ್ಷ ನಾಲ್ಕು ತಿಂಗಳು ಅವರು ಈಕ್ವಿಟಿಯನ್ನು ಮುಟ್ಟಬೇಕಾಗಿಲ್ಲ. ಫಂಡ್ ವರ್ಷಕ್ಕೆ 6% ಗಳಿಸಿ, ಬೆಲೆ ಏರಿಕೆಗೆ ತಕ್ಕಂತೆ ಅವರು ಕಂತನ್ನೂ ವರ್ಷಕ್ಕೆ 6% ಹೆಚ್ಚಿಸಿಕೊಂಡು ಹೋದರೆ, ಒಂದು ಇನ್ನೊಂದನ್ನು ಸರಿದೂಗಿಸಿ ಅವಧಿ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ.

ಈಕ್ವಿಟಿಯಿಂದಲೇ ನೇರವಾಗಿ ಏಕೆ ತೆಗೆಯಬಾರದು

ಹೆಚ್ಚು ಗಳಿಸುವುದು ಈಕ್ವಿಟಿಯಾದ ಮೇಲೆ ಎಲ್ಲ ಹಣವನ್ನೂ ಅಲ್ಲಿಯೇ ಇಟ್ಟು ಅಲ್ಲಿಂದಲೇ ಎಸ್‌ಡಬ್ಲ್ಯೂಪಿ ಮಾಡಬಹುದಲ್ಲ ಎಂದು ಕೇಳುವವರಿದ್ದಾರೆ. ಇದಕ್ಕೆ ಉತ್ತರ ಒಂದು ಚಿಕ್ಕ ಲೆಕ್ಕದಲ್ಲಿದೆ. ಇಬ್ಬರು ತಲಾ 20 ಲಕ್ಷ ಹೂಡಿ, ಪ್ರತಿ ವರ್ಷದ ಕೊನೆಗೆ 1,60,000 ರೂಪಾಯಿ ತೆಗೆಯುತ್ತಾರೆ ಎಂದಿಟ್ಟುಕೊಳ್ಳಿ. ಮೊದಲನೆಯವರಿಗೆ ಮಾರುಕಟ್ಟೆ ಮೊದಲ ವರ್ಷ 30% ಏರಿಕೆ, ಎರಡನೇ ವರ್ಷ 10% ಏರಿಕೆ, ಮೂರನೇ ವರ್ಷ 30% ಕುಸಿತ ಕೊಡುತ್ತದೆ. ಎರಡನೆಯವರಿಗೆ ಅದೇ ಮೂರು ವರ್ಷಗಳು ಹಿಂದುಮುಂದಾಗಿ, ಕುಸಿತವೇ ಮೊದಲು ಬರುತ್ತದೆ. ಇಬ್ಬರೂ ಏನನ್ನೂ ತೆಗೆಯದಿದ್ದರೆ ಕೊನೆಯಲ್ಲಿ ಇಬ್ಬರ ಬಳಿಯೂ ಒಂದೇ ಮೊತ್ತ, ಸುಮಾರು 20 ಲಕ್ಷ ಇರುತ್ತಿತ್ತು. ತೆಗೆದಿದ್ದರಿಂದ ಮೊದಲನೆಯವರ ಬಳಿ ಸುಮಾರು 16.07 ಲಕ್ಷವೂ ಎರಡನೆಯವರ ಬಳಿ ಸುಮಾರು 14.05 ಲಕ್ಷವೂ ಉಳಿಯುತ್ತದೆ. ಫಂಡ್, ಸರಾಸರಿ ಗಳಿಕೆ, ತೆಗೆದ ಮೊತ್ತ ಎಲ್ಲವೂ ಒಂದೇ ಆಗಿದ್ದರೂ ಮೂರೇ ವರ್ಷಗಳಲ್ಲಿ ಎರಡು ಲಕ್ಷ ರೂಪಾಯಿಯ ಅಂತರ.

ಇದರ ಕಾರಣ ಯೂನಿಟ್‌ಗಳಲ್ಲಿದೆ. ಎನ್‌ಎವಿ 100 ರೂಪಾಯಿ ಇದ್ದಾಗ 16,000 ರೂಪಾಯಿಗೆ 160 ಯೂನಿಟ್ ಮಾರಿದರೆ ಸಾಕು. ಅದು 70ಕ್ಕೆ ಇಳಿದಾಗ ಅದೇ ಮೊತ್ತಕ್ಕೆ 228ಕ್ಕೂ ಹೆಚ್ಚು ಯೂನಿಟ್ ಮಾರಬೇಕು. ಹಾಗೆ ಹೆಚ್ಚುವರಿಯಾಗಿ ಹೋದ ಯೂನಿಟ್‌ಗಳು ಮಾರುಕಟ್ಟೆ ಚೇತರಿಸಿಕೊಂಡಾಗ ನಮ್ಮ ಬಳಿ ಇರುವುದಿಲ್ಲ. 2020ರ ಜನವರಿಯ ಎತ್ತರದಿಂದ ಮಾರ್ಚ್ 23ರ ಹೊತ್ತಿಗೆ ನಿಫ್ಟಿ ಸುಮಾರು 38% ಕುಸಿದಿತ್ತು. 2008ರ ಕುಸಿತ ಅದಕ್ಕಿಂತಲೂ ಆಳವಾಗಿದ್ದು, ಹೆಚ್ಚು ಕಾಲ ಎಳೆಯಿತು. ನಿವೃತ್ತಿಯ ಮೊದಲ ಎರಡು ಮೂರು ವರ್ಷಗಳಲ್ಲಿಯೇ ಇಂಥದ್ದು ಬಂದರೆ ಆಗುವ ಹಾನಿಯನ್ನು ನಂತರದ ಒಳ್ಳೆಯ ವರ್ಷಗಳು ಪೂರ್ತಿ ತುಂಬಿಕೊಡುವುದಿಲ್ಲ. ಎಸ್‌ಡಬ್ಲ್ಯೂಪಿಯನ್ನು ಸಾಲ ಫಂಡ್‌ನಿಂದ ನಡೆಸುವುದು ಈ ಕಾರಣಕ್ಕಾಗಿ, ಮತ್ತು ನನ್ನ ದೃಷ್ಟಿಯಲ್ಲಿ ಈ ಇಡೀ ವ್ಯವಸ್ಥೆಯಲ್ಲಿ ರಾಜಿ ಮಾಡಿಕೊಳ್ಳಬಾರದ ಅಂಶ ಇದೊಂದೇ.

ಎಸ್‌ಟಿಪಿಯನ್ನು ನೋಂದಾಯಿಸುವುದು

ಮೊದಲು ಕೆವೈಸಿ, ಪ್ಯಾನ್, ಬ್ಯಾಂಕ್ ಖಾತೆ ಮತ್ತು ನಾಮನಿರ್ದೇಶನದ ವಿವರಗಳು ಫಂಡ್ ಖಾತೆಯಾದ ಫೋಲಿಯೊದಲ್ಲಿ ಸರಿಯಾಗಿವೆಯೇ ಎಂದು ನೋಡಿಕೊಳ್ಳಬೇಕು. ಅವು ಸರಿಯಿಲ್ಲದಿದ್ದರೆ ಹಣ ಹಾಕುವಾಗ ತೋರದ ತೊಡಕು ತೆಗೆಯುವಾಗ ಎದುರಾಗುತ್ತದೆ. ಬಳಿಕ 24 ಲಕ್ಷವನ್ನು ಲಿಕ್ವಿಡ್ ಫಂಡ್‌ನ ಗ್ರೋತ್ ಆಯ್ಕೆಯಲ್ಲಿ, ಅಂದರೆ ಗಳಿಕೆ ಫಂಡ್‌ನೊಳಗೇ ಉಳಿಯುವ ಆಯ್ಕೆಯಲ್ಲಿ, ಹೂಡಬೇಕು. ಲಿಕ್ವಿಡ್ ಫಂಡ್‌ಗಳಲ್ಲಿ ಹೂಡಿದ ಮೊದಲ ಆರು ದಿನಗಳಲ್ಲಿ ಹಣ ತೆಗೆದರೆ ಎಕ್ಸಿಟ್ ಲೋಡ್ ಎಂಬ ಅತ್ಯಲ್ಪ ಶುಲ್ಕ ಇರುತ್ತದೆ, ಏಳನೇ ದಿನದಿಂದ ಅದು ಇರುವುದಿಲ್ಲ. ಎಸ್‌ಟಿಪಿ ನೋಂದಣಿಗೂ ಕೆಲವು ದಿನ ಬೇಕಾಗುವುದರಿಂದ ಮೊದಲ ಕಂತನ್ನು ಎರಡು ವಾರದ ನಂತರದ ದಿನಾಂಕಕ್ಕೆ ಇಟ್ಟರೆ ಎರಡೂ ಸರಿಹೋಗುತ್ತವೆ.

ಅರ್ಜಿಯನ್ನು ಫಂಡ್ ಸಂಸ್ಥೆಯ ಜಾಲತಾಣದಲ್ಲಿ, ಹಲವು ಸಂಸ್ಥೆಗಳ ಫಂಡ್‌ಗಳನ್ನು ನಿಭಾಯಿಸುವ ಎಂಎಫ್ ಸೆಂಟ್ರಲ್ ಜಾಲತಾಣದಲ್ಲಿ, ಇಲ್ಲವೇ ಹೂಡಿಕೆದಾರರ ದಾಖಲೆಗಳನ್ನು ನೋಡಿಕೊಳ್ಳುವ ಕ್ಯಾಮ್ಸ್ ಅಥವಾ ಕೆಫಿನ್‌ಟೆಕ್ ಸೇವಾ ಕೇಂದ್ರದಲ್ಲಿ ಕಾಗದದ ಮೂಲಕ ಸಲ್ಲಿಸಬಹುದು. ಅದರಲ್ಲಿ ಹಣ ಹೊರಡುವ ಫಂಡ್, ಸೇರುವ ಫಂಡ್, ಕಂತಿನ ಮೊತ್ತ, ದಿನಾಂಕ ಮತ್ತು ಕಂತುಗಳ ಸಂಖ್ಯೆಯನ್ನು ಕೇಳುತ್ತಾರೆ. ‘ನಿಗದಿತ ಮೊತ್ತ’ ಮತ್ತು ‘ಬಂಡವಾಳ ಏರಿಕೆ ಮಾತ್ರ’ ಎಂಬ ಎರಡು ಬಗೆಗಳು ಅರ್ಜಿಯಲ್ಲಿ ಕಂಡರೆ ಮೊದಲನೆಯದನ್ನು ಆರಿಸಬೇಕು. ಎರಡನೆಯದರಲ್ಲಿ ಅಸಲು ಲಿಕ್ವಿಡ್ ಫಂಡ್‌ನಲ್ಲಿಯೇ ಉಳಿದು, ಅದರ ಮೇಲಿನ ಗಳಿಕೆಯಷ್ಟೇ ಈಕ್ವಿಟಿಗೆ ಹೋಗುತ್ತದೆ. ಅಸಲನ್ನು ಮುಟ್ಟಲು ಬಯಸದವರಿಗೆ ಅದು ಹೊಂದೀತು, ಆದರೆ ನಮ್ಮ ಶಿಕ್ಷಕಿಯ ಉದ್ದೇಶ ಅದಲ್ಲ.

12 ಕಂತುಗಳು ಮುಗಿದ ಮೇಲೆ ಲಿಕ್ವಿಡ್ ಫಂಡ್ ಖಾಲಿಯಾಗಿರುವುದಿಲ್ಲ. ಅದು ವರ್ಷಕ್ಕೆ 6%ರಂತೆ ಗಳಿಸಿದ್ದರೆ ಹತ್ತಿರ ಹತ್ತಿರ 78,000 ರೂಪಾಯಿ ಅಲ್ಲಿ ಉಳಿದಿರುತ್ತದೆ. ಈ ಉಳಿಕೆಯನ್ನು ಮರೆತುಬಿಡುವವರು ಬಹಳ. ಅದನ್ನು ತುರ್ತು ನಿಧಿಗೆ ಸೇರಿಸಿಕೊಳ್ಳಬಹುದು.

ಎಸ್‌ಟಿಪಿಯಿಂದ ಏನನ್ನು ನಿರೀಕ್ಷಿಸಬಾರದು ಎಂಬುದನ್ನೂ ಹೇಳಬೇಕು. ಅದು ಹೆಚ್ಚು ಗಳಿಸುವ ಉಪಾಯವಲ್ಲ. ಆ 12 ತಿಂಗಳು ಮಾರುಕಟ್ಟೆ ಏರುತ್ತಲೇ ಹೋದರೆ, ಮೊದಲ ದಿನವೇ ಪೂರ್ತಿ ಹಾಕಿದವರು ಮುಂದಿರುತ್ತಾರೆ. ಎಸ್‌ಟಿಪಿ ಕೊಡುವುದು ಇಡೀ ಗಂಟನ್ನು ಕುಸಿತದ ಮುನ್ನಾ ದಿನ ಹಾಕಿಬಿಡುವ ಅಪಾಯದಿಂದ ರಕ್ಷಣೆಯನ್ನು ಮಾತ್ರ. ಆದ್ದರಿಂದ ಅವಧಿಯನ್ನು ಮೂರು ನಾಲ್ಕು ವರ್ಷಕ್ಕೆ ಎಳೆಯುವುದರಲ್ಲಿ ಅರ್ಥವಿಲ್ಲ. 6ರಿಂದ 12 ತಿಂಗಳು ಸಾಕೆಂಬುದು ನನ್ನ ಅಭಿಪ್ರಾಯ. ನಡುವೆ ಮಾರುಕಟ್ಟೆ ಕುಸಿದಾಗ ಹೆದರಿ ಎಸ್‌ಟಿಪಿಯನ್ನು ರದ್ದು ಮಾಡಿದರೆ ಆ ರಕ್ಷಣೆಯೂ ಉಳಿಯುವುದಿಲ್ಲ, ಏಕೆಂದರೆ ಅದೇ ಎರಡು ಲಕ್ಷಕ್ಕೆ ಹೆಚ್ಚು ಯೂನಿಟ್ ಸಿಗುವುದು ಆ ತಿಂಗಳುಗಳಲ್ಲಿಯೇ. ಇನ್ನು ತಿಂಗಳ ಸಂಬಳದಿಂದ ಹೂಡುವವರಿಗೆ ಎಸ್‌ಟಿಪಿ ಬೇಕಾಗಿಲ್ಲ, ಅವರಿಗೆ ಪ್ರತಿ ತಿಂಗಳು ನಿಗದಿತ ಮೊತ್ತ ಹೂಡುವ ಎಸ್‌ಐಪಿಯೇ ಸರಿಯಾದ ದಾರಿ.

ಎಸ್‌ಡಬ್ಲ್ಯೂಪಿಯನ್ನು ನೋಂದಾಯಿಸುವುದು

16 ಲಕ್ಷವನ್ನು ಹಾಕುವ ಸಾಲ ಫಂಡ್ ಎಂಥದ್ದೆಂಬುದು ಇಲ್ಲಿ ಮುಖ್ಯ. ಹೆಚ್ಚು ಗಳಿಕೆಯ ಆಸೆಗೆ ದುರ್ಬಲ ರೇಟಿಂಗ್‌ನ ಸಾಲಪತ್ರಗಳಿರುವ ಫಂಡ್‌ಗೆ ಹೋಗಬಾರದು. 2020ರ ಏಪ್ರಿಲ್‌ನಲ್ಲಿ ಒಂದು ಸಂಸ್ಥೆ ತನ್ನ ಆರು ಸಾಲ ಫಂಡ್‌ಗಳನ್ನು ಮುಚ್ಚುವುದಾಗಿ ಘೋಷಿಸಿದಾಗ, ಅವುಗಳಿಂದ ತಿಂಗಳ ಖರ್ಚಿಗೆ ಹಣ ತೆಗೆಯುತ್ತಿದ್ದವರ ಎಸ್‌ಡಬ್ಲ್ಯೂಪಿಗಳೂ ನಿಂತುಹೋದವು. ಫಂಡ್‌ನ ತಿಂಗಳ ವಿವರಪಟ್ಟಿಯಲ್ಲಿ ಸರ್ಕಾರಿ ಸಾಲಪತ್ರಗಳು ಮತ್ತು ಎಲ್ಲಕ್ಕಿಂತ ಮೇಲಿನ ಎಎಎ ರೇಟಿಂಗ್‌ನ ಪತ್ರಗಳೇ ಹೆಚ್ಚಿವೆಯೇ ಎಂದು ನೋಡಿಕೊಳ್ಳಲು ಹತ್ತು ನಿಮಿಷ ಸಾಕು.

ಇಲ್ಲಿಯೂ ಗ್ರೋತ್ ಆಯ್ಕೆಯೇ ಇರಲಿ. ಹಿಂದೆ ಡಿವಿಡೆಂಡ್ ಎನ್ನುತ್ತಿದ್ದ, 2021ರ ಏಪ್ರಿಲ್‌ನಿಂದ ಐಡಿಸಿಡಬ್ಲ್ಯೂ ಎಂಬ ಹೆಸರು ಪಡೆದ ಆಯ್ಕೆಯಲ್ಲಿ ಎಷ್ಟು ಹಣ ಯಾವಾಗ ಬರುತ್ತದೆಂಬುದನ್ನು ತೀರ್ಮಾನಿಸುವವರು ಫಂಡ್‌ನವರು, ಮತ್ತು ಬಂದ ಪೂರ್ತಿ ಮೊತ್ತ ನಮ್ಮ ಆದಾಯಕ್ಕೆ ಸೇರಿ ತೆರಿಗೆಗೆ ಒಳಪಡುತ್ತದೆ.

ಎಸ್‌ಡಬ್ಲ್ಯೂಪಿ ದಿನಾಂಕವನ್ನು ಆರಿಸುವಾಗ, ಆ ದಿನ ಯೂನಿಟ್ ಮಾರಾಟವಾಗುತ್ತದೆಯೇ ಹೊರತು ಹಣ ಅದೇ ದಿನ ಕೈಗೆ ಬರುವುದಿಲ್ಲ ಎಂಬುದು ನೆನಪಿರಲಿ. ಸಾಲ ಫಂಡ್‌ಗಳಿಂದ ಹಣ ಬರಲು ಒಂದೆರಡು ಕೆಲಸದ ದಿನಗಳಾಗಬಹುದು. ಆರಿಸಿದ ದಿನ ರಜೆಯಾಗಿದ್ದರೆ ಮಾರಾಟ ಮುಂದಿನ ಕೆಲಸದ ದಿನಕ್ಕೆ ಹೋಗುತ್ತದೆ. ತಿಂಗಳ 1ನೇ ತಾರೀಖಿಗೆ ಬಾಡಿಗೆಯೋ ಕಂತೋ ಕಟ್ಟಬೇಕಿದ್ದರೆ ಎಸ್‌ಡಬ್ಲ್ಯೂಪಿಯನ್ನು ಹಿಂದಿನ ತಿಂಗಳ 25ಕ್ಕೆ ಇಡುವುದು ಸುರಕ್ಷಿತ.

ಎಸ್‌ಟಿಪಿ ಮತ್ತು ಎಸ್‌ಡಬ್ಲ್ಯೂಪಿ ಎರಡನ್ನೂ ಒಂದೇ ಲಿಕ್ವಿಡ್ ಫಂಡ್‌ನಿಂದ ನಡೆಸಬಹುದಲ್ಲ ಎನಿಸಬಹುದು. ನಿಯಮದಲ್ಲಿ ಅಡ್ಡಿಯಿಲ್ಲ. ಆದರೆ ಕಂತುಗಳ ಸಂಖ್ಯೆ ಬರೆಯುವಾಗ ಒಂದು ತಪ್ಪಾದರೂ ಎಸ್‌ಟಿಪಿ ಮುಂದುವರಿದು ಮನೆ ಖರ್ಚಿನ ಹಣವನ್ನೂ ಈಕ್ವಿಟಿಗೆ ಸಾಗಿಸಿಬಿಡುತ್ತದೆ. ಎರಡು ಬೇರೆ ಫಂಡ್‌ಗಳಿದ್ದರೆ ಈ ತಪ್ಪು ಆಗಲು ಸಾಧ್ಯವೇ ಇಲ್ಲ.

ತೆರಿಗೆಯ ಲೆಕ್ಕ

ಸಾಲ ಫಂಡ್ ಖರೀದಿಸಿದ ದಿನ ಎನ್‌ಎವಿ 40 ರೂಪಾಯಿ ಇತ್ತೆಂದುಕೊಳ್ಳೋಣ. ಖರೀದಿಯ ಮೇಲಿನ 0.005% ಮುದ್ರಾಂಕ ಶುಲ್ಕ 16 ಲಕ್ಷಕ್ಕೆ 80 ರೂಪಾಯಿಯಷ್ಟೇ ಆಗುವುದರಿಂದ ಅದನ್ನು ಬಿಟ್ಟರೆ, 40,000 ಯೂನಿಟ್ ಸಿಗುತ್ತವೆ. ಎನ್‌ಎವಿ ತಿಂಗಳಿಗೆ 20 ಪೈಸೆಯಂತೆ ಏರುತ್ತದೆ ಎಂದಿಟ್ಟುಕೊಂಡರೆ, ಮೊದಲ ಕಂತಿನ ದಿನ ಅದು 40.20 ಆಗಿರುತ್ತದೆ. 16,000 ರೂಪಾಯಿಗಾಗಿ ಮಾರುವುದು ಸುಮಾರು 398 ಯೂನಿಟ್. ಅವುಗಳ ಖರೀದಿ ಬೆಲೆ ಸುಮಾರು 15,920 ರೂಪಾಯಿ. ಅಂದರೆ ಕೈಗೆ ಬಂದ 16,000ದಲ್ಲಿ ಲಾಭವೆಂದು ತೆರಿಗೆಗೆ ಬರುವುದು ಸುಮಾರು 80 ರೂಪಾಯಿ ಮಾತ್ರ. ಹನ್ನೆರಡನೇ ಕಂತಿನಲ್ಲಿ ಇದು 900 ರೂಪಾಯಿ ದಾಟುತ್ತದೆ. ಇಡೀ ವರ್ಷದಲ್ಲಿ ತೆಗೆದ 1,92,000 ರೂಪಾಯಿಯಲ್ಲಿ ಲಾಭದ ಭಾಗ ಸುಮಾರು 6,000. ಅದೇ 16 ಲಕ್ಷ 6% ಬಡ್ಡಿಯ ಠೇವಣಿಯಲ್ಲಿದ್ದರೆ ವರ್ಷದ 96,000 ರೂಪಾಯಿ ಬಡ್ಡಿಯಷ್ಟೂ ತೆರಿಗೆಗೆ ಲೆಕ್ಕವಾಗುತ್ತಿತ್ತು.

ಇದನ್ನು ತೆರಿಗೆ ವಿನಾಯಿತಿ ಎಂದು ತಿಳಿಯಬಾರದು. ತೆರಿಗೆ ಮುಂದಕ್ಕೆ ಹೋಗುತ್ತದೆ ಅಷ್ಟೇ, ಮತ್ತು ವರ್ಷ ಕಳೆದಂತೆ ಪ್ರತಿ ಕಂತಿನಲ್ಲಿ ಲಾಭದ ಪಾಲು ಹೆಚ್ಚುತ್ತ ಹೋಗುತ್ತದೆ. 2023ರ ಏಪ್ರಿಲ್ 1ರಿಂದೀಚೆಗೆ ಕೊಂಡ ಇಂಥ ಸಾಲ ಫಂಡ್ ಮತ್ತು ಲಿಕ್ವಿಡ್ ಫಂಡ್‌ಗಳ ಲಾಭಕ್ಕೆ, ಎಷ್ಟೇ ವರ್ಷ ಇಟ್ಟುಕೊಂಡಿದ್ದರೂ, ನಮ್ಮ ಆದಾಯದ ಹಂತಕ್ಕೆ ಅನ್ವಯಿಸುವ ದರದಲ್ಲಿಯೇ ತೆರಿಗೆ. ಎಸ್‌ಟಿಪಿಯ ಪ್ರತಿ ಕಂತೂ ಲಿಕ್ವಿಡ್ ಫಂಡ್‌ನ ಮಾರಾಟವಾದ್ದರಿಂದ, ಹಣ ಬ್ಯಾಂಕಿಗೆ ಬರದಿದ್ದರೂ ಆ ಚಿಕ್ಕ ಲಾಭವನ್ನು ರಿಟರ್ನ್‌ನಲ್ಲಿ ತೋರಿಸಲೇಬೇಕು. ದೇಶದಲ್ಲಿ ನೆಲೆಸಿರುವವರಿಗೆ ಯೂನಿಟ್ ಮಾರಾಟದ ಮೇಲೆ ಟಿಡಿಎಸ್ ಕಡಿತವಾಗುವುದಿಲ್ಲ, ಹಾಗಾಗಿ ಇದನ್ನು ಮರೆಯುವುದು ಸುಲಭ. ವರ್ಷದ ಕೊನೆಗೆ ಕ್ಯಾಮ್ಸ್ ಅಥವಾ ಕೆಫಿನ್‌ಟೆಕ್‌ನಿಂದ ಬಂಡವಾಳ ಲಾಭದ ಪಟ್ಟಿಯನ್ನು ತರಿಸಿಕೊಂಡರೆ ಲೆಕ್ಕ ಸಿದ್ಧವಾಗಿಯೇ ಸಿಗುತ್ತದೆ.

ಈಕ್ವಿಟಿ ಫಂಡ್‌ಗೆ ಬೇರೆ ನಿಯಮವಿದೆ. 2024ರ ಜುಲೈ 23ರಿಂದ, 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟ ಯೂನಿಟ್‌ಗಳ ಲಾಭದಲ್ಲಿ ವರ್ಷಕ್ಕೆ 1,25,000 ರೂಪಾಯಿವರೆಗೆ ತೆರಿಗೆಯಿಲ್ಲ, ಅದನ್ನು ಮೀರಿದ್ದಕ್ಕೆ 12.5%. ಅದಕ್ಕಿಂತ ಮೊದಲೇ ಮಾರಿದರೆ 20%. ಅನೇಕ ಈಕ್ವಿಟಿ ಫಂಡ್‌ಗಳು ಒಂದು ವರ್ಷದೊಳಗಿನ ಮಾರಾಟಕ್ಕೆ 1% ಎಕ್ಸಿಟ್ ಲೋಡನ್ನೂ ಹಾಕುತ್ತವೆ. ಎಸ್‌ಟಿಪಿಯ ಹನ್ನೆರಡು ಕಂತುಗಳಲ್ಲಿ ಪ್ರತಿಯೊಂದಕ್ಕೂ ಆ ಒಂದು ವರ್ಷ ಅದರದೇ ದಿನದಿಂದ ಎಣಿಕೆಯಾಗುತ್ತದೆ. ಮಾರುವಾಗ ಮೊದಲು ಕೊಂಡ ಯೂನಿಟ್ ಮೊದಲು ಹೋಗುವುದು ಇಲ್ಲಿ ಅನುಕೂಲವೇ.

ಖಾಲಿಯಾಗುವ ಬುಟ್ಟಿಯನ್ನು ತುಂಬುವುದು

ಎಸ್‌ಡಬ್ಲ್ಯೂಪಿ ಹೀಗೆಯೇ ನಡೆಯುತ್ತ ಹೋದರೆ ಸಾಲ ಫಂಡ್ ಒಂದು ದಿನ ಬರಿದಾಗುತ್ತದೆ. ಆದ್ದರಿಂದ ಎರಡನೇ ವರ್ಷದ ಕೊನೆಯಿಂದ ವರ್ಷಕ್ಕೊಮ್ಮೆ, ಒಂದು ನಿಶ್ಚಿತ ತಿಂಗಳಿನಲ್ಲಿ, ಈಕ್ವಿಟಿ ಭಾಗವನ್ನು ನೋಡಬೇಕು. 24 ಲಕ್ಷ 28 ಲಕ್ಷವಾಗಿದೆ ಎಂದಿಟ್ಟುಕೊಳ್ಳೋಣ. ಆಗ ಒಂದು ವರ್ಷದ ಖರ್ಚಾದ 1,92,000 ರೂಪಾಯಿಯನ್ನು ಈಕ್ವಿಟಿಯಿಂದ ತೆಗೆದು ಸಾಲ ಫಂಡ್‌ಗೆ ಸೇರಿಸಬೇಕು. ಅದರೊಳಗಿನ ಲಾಭ ಸುಮಾರು 27,000 ರೂಪಾಯಿ ಆಗುವುದರಿಂದ, ಆ ವರ್ಷ ಬೇರೆ ಈಕ್ವಿಟಿ ಲಾಭ ಇಲ್ಲದಿದ್ದರೆ ತೆರಿಗೆಯೇ ಬರುವುದಿಲ್ಲ. ಈಕ್ವಿಟಿ ಕುಸಿದಿರುವ ವರ್ಷ ಏನನ್ನೂ ತೆಗೆಯದೆ ಸುಮ್ಮನಿರಬೇಕು; 100 ತಿಂಗಳ ಬುಟ್ಟಿ ಇರುವುದು ಹೀಗೆ ಕಾಯುವುದಕ್ಕಾಗಿಯೇ. ಕಾಯುತ್ತ ಕಾಯುತ್ತ ಬುಟ್ಟಿಯಲ್ಲಿ ಮೂರು ವರ್ಷದ ಖರ್ಚಷ್ಟೇ ಉಳಿದರೆ ಮಾತ್ರ ಕಂತನ್ನು ತಗ್ಗಿಸುವ ಯೋಚನೆ ಮಾಡಬೇಕಾಗುತ್ತದೆ.

ಈಕ್ವಿಟಿಯಿಂದ ಸಾಲ ಫಂಡ್‌ಗೆ ನಡೆಯುವ ಈ ಹಿಮ್ಮುಖ ವರ್ಗಾವಣೆಗೂ ಎಸ್‌ಟಿಪಿಯನ್ನೇ ಬಳಸಬಹುದು. ಮಗಳ ಕಾಲೇಜು ಶುಲ್ಕಕ್ಕೆ ಎರಡು ವರ್ಷ ಉಳಿದಿರುವಾಗ, ಅದಕ್ಕಾಗಿ ಈಕ್ವಿಟಿಯಲ್ಲಿ ಬೆಳೆಸಿದ ಹಣವನ್ನು ತಿಂಗಳು ತಿಂಗಳು ಸಾಲ ಫಂಡ್‌ಗೆ ಇಳಿಸುವ ತಂದೆತಾಯಿಗಳು ಮಾಡುವುದೂ ಇದನ್ನೇ.

ಕಂತು ತಪ್ಪಿದರೆ ತಿಳಿಯುವುದು ಹೇಗೆ

ಪ್ರತಿ ವಹಿವಾಟಿಗೂ ಸಂದೇಶ ಬರುತ್ತದೆ, ಆದರೆ ಅದನ್ನೇ ನಂಬಿ ಕೂರಬಾರದು. ವಹಿವಾಟು ನಡೆದ ಮುಂದಿನ ತಿಂಗಳು ಇಮೇಲ್‌ಗೆ ಬರುವ ಕ್ರೋಡೀಕೃತ ಖಾತೆ ವಿವರಪಟ್ಟಿಯಲ್ಲಿ ಎರಡು ಅಂಶಗಳನ್ನು ನೋಡಬೇಕು. ಎಸ್‌ಟಿಪಿಯಾದರೆ ಲಿಕ್ವಿಡ್ ಫಂಡ್‌ನಿಂದ ಹೋದ ಮೊತ್ತ ಈಕ್ವಿಟಿ ಫಂಡ್‌ನಲ್ಲಿ ಬಂದಿರಬೇಕು. ಎಸ್‌ಡಬ್ಲ್ಯೂಪಿಯಾದರೆ ಯೂನಿಟ್ ಇಳಿದಿದ್ದಷ್ಟಕ್ಕೆ ತಕ್ಕ ಹಣ ಬ್ಯಾಂಕ್ ಖಾತೆಯಲ್ಲಿ ಜಮೆಯಾಗಿರಬೇಕು. ಯೂನಿಟ್ ಇಳಿದು ಹಣ ಬಾರದಿದ್ದರೆ ಬ್ಯಾಂಕ್ ವಿವರದಲ್ಲಿ ದೋಷವಿರುವ ಸಾಧ್ಯತೆ ಹೆಚ್ಚು. ಬ್ಯಾಂಕುಗಳ ವಿಲೀನದಿಂದ ಐಎಫ್‌ಎಸ್‌ಸಿ ಸಂಖ್ಯೆ ಬದಲಾದಾಗ ಹೀಗಾಗುತ್ತದೆ. ಯೂನಿಟ್ಟೇ ಇಳಿಯದಿದ್ದರೆ ನೋಂದಣಿಯ ಅವಧಿ ಮುಗಿದಿದೆಯೇ, ಕೆವೈಸಿ ತಡೆಹಿಡಿಯಲಾಗಿದೆಯೇ ಎಂದು ವಿಚಾರಿಸಬೇಕು. ಎಸ್‌ಡಬ್ಲ್ಯೂಪಿಗೆ ಕೊನೆಯ ದಿನಾಂಕ ಬರೆದಿದ್ದರೆ ಅದನ್ನು ಮನೆಯವರಿಗೂ ಕಾಣುವಂತೆ ಒಂದೆಡೆ ಗುರುತು ಹಾಕಿಟ್ಟಿರಬೇಕು. ಹೂಡಿಕೆದಾರರು ತೀರಿಕೊಂಡರೆ ಕಂತುಗಳು ಮುಂದುವರಿಯುವುದಿಲ್ಲ. ನಾಮನಿರ್ದೇಶಿತರು ಯೂನಿಟ್‌ಗಳನ್ನು ತಮ್ಮ ಹೆಸರಿಗೆ ವರ್ಗಾಯಿಸಿಕೊಂಡು, ತಮಗೆ ಬೇಕಿದ್ದರೆ ಹೊಸದಾಗಿ ಎಸ್‌ಡಬ್ಲ್ಯೂಪಿ ನೋಂದಾಯಿಸಬೇಕಾಗುತ್ತದೆ.